ಪೋಸ್ಟ್‌ಕಾರ್ಡ್ ತೂರಿದ ಬಿರುಕು

ಶಿವಮೊಗ್ಗದ ನಮ್ಮ ಮನೆಗೆ ಈಗ 14 ವರ್ಷ. ಅದರಲ್ಲಿ ಮೂರು ಮಳೆಗಾಲ ಎರಡೇ ಜಾಗದ ಜೊತೆ ಗುದ್ದಾಡಿದ್ದೇವೆ. ಒಂದು, ಅಮ್ಮ ಮಲಗುವ ಕೋಣೆಯ ಕಿಟಕಿಯ ಮೇಲ್ಭಾಗ. ಅಲ್ಲಿ ಗೋಡೆ ಉಬ್ಬಿ, ಬಣ್ಣ ಹಪ್ಪಳದ ಹಾಗೆ ಏಳುತ್ತಿತ್ತು. ಇನ್ನೊಂದು, ಮೇಲಿನ ಬಾಲ್ಕನಿಯ ಕೆಳಗೆ, ಮೆಟ್ಟಿಲ ಗೋಡೆ ಸೇರುವ ಮೂಲೆ. ಜೋರು ಮಳೆ ಬಂದ ಅರ್ಧ ಗಂಟೆಗೆ ಅಲ್ಲಿಂದ ಹನಿ ಶುರು.

ಮೊದಲ ವರ್ಷ ಬಿರುಕಿಗೆ ಬಿಳಿ ಸಿಮೆಂಟ್ ತುಂಬಿಸಿದೆವು. ಬೇಸಿಗೆ ಮುಗಿಯುವಷ್ಟರಲ್ಲಿ ಅದೇ ಗೆರೆ ಅದೇ ಜಾಗದಲ್ಲಿ ಮತ್ತೆ ಕಂಡಿತು. ಎರಡನೇ ವರ್ಷ ಒಳಗಿನಿಂದ ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸಿದೆವು. ಅದು ಜುಲೈಗೇ ಕಿತ್ತು ಬಂತು. ನೀರು ಹೊರಗಿಂದ ಬರುತ್ತಿರುವಾಗ ಒಳಗೆ ಹಚ್ಚಿದ್ದು ನಿಲ್ಲುವುದಿಲ್ಲ, ಗೋಡೆ ನೀರನ್ನು ಹಿಡಿದಿಟ್ಟುಕೊಂಡು ಇನ್ನೊಂದು ಕಡೆ ಹೊರಹಾಕುತ್ತದೆ. ಇದು ನಮಗೆ ಆಮೇಲೆ ತಿಳಿಯಿತು.

ಕಳೆದ ನವೆಂಬರ್‌ನಲ್ಲಿ ಮಳೆ ಪೂರ್ತಿ ನಿಂತ ಮೇಲೆ ನನ್ನ ಭಾವ ಬಂದಿದ್ದರು. ಅವರು ಸಿವಿಲ್ ಎಂಜಿನಿಯರ್. ಬಿರುಕು ನೋಡಿದವರೇ ಒಂದು ಕೆಲಸ ಹೇಳಿದರು: "ಬೆಳಿಗ್ಗೆ ಆರೂವರೆಗೆ ಒಂದು ಪೋಸ್ಟ್‌ಕಾರ್ಡ್ ತೂರಿಸಿ ನೋಡು. ಮಧ್ಯಾಹ್ನ ಮೂರಕ್ಕೆ ಮತ್ತೆ ನೋಡು. ನಾಲ್ಕು ದಿನ ಮಾಡು." ಬಾಲ್ಕನಿ ಸ್ಲ್ಯಾಬಿನ ತುದಿ ಮೆಟ್ಟಿಲ ಗೋಡೆಗೆ ತಾಗುವ ಕಡೆ ಹಾಗೇ ಮಾಡಿದೆ. ಚಳಿಯ ಬೆಳಿಗ್ಗೆ ಕಾರ್ಡು ಸಲೀಸಾಗಿ ಒಳಹೋಗುತ್ತಿತ್ತು. ಮಧ್ಯಾಹ್ನ ಅಂಚಿಗೇ ಸಿಕ್ಕಿಕೊಂಡು ಮಡಿಚುತ್ತಿತ್ತು. ನಾಲ್ಕೂ ದಿನ ಅದೇ ಕತೆ.

ಲೆಕ್ಕ ಭಾವನೇ ಹಾಕಿ ತೋರಿಸಿದರು. ಒಂದು ಮೀಟರ್ ಕಾಂಕ್ರೀಟ್ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಉದ್ದವಾಗುತ್ತದೆ. ನಮ್ಮ ಬಾಲ್ಕನಿ ನಾಲ್ಕು ಮೀಟರ್ ಉದ್ದ, ಪಶ್ಚಿಮಕ್ಕೆ ಮುಖ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಸ್ಲ್ಯಾಬಿನ ಬಿಸಿಯಲ್ಲಿ 20 ಡಿಗ್ರಿ ವ್ಯತ್ಯಾಸ ಬಂದರೂ 0.8 ಮಿಲಿಮೀಟರ್ ಆಯಿತು. ಇಟ್ಟಿಗೆ ಗೋಡೆ ಕಾಂಕ್ರೀಟಿನಷ್ಟು ಹಿಗ್ಗುವುದಿಲ್ಲ. ಹಾಗಾಗಿ ಎರಡೂ ಸೇರುವ ಗೆರೆ ದಿನಾ ತೆರೆದು ಮುಚ್ಚುತ್ತದೆ. ಬಿಳಿ ಸಿಮೆಂಟು ಗಟ್ಟಿಯಾದ ಮೇಲೆ ಹಿಗ್ಗುವ ವಸ್ತು ಅಲ್ಲ, ಅಲ್ವಾ? ಒಡೆಯದೆ ಇನ್ನೇನು ಮಾಡೀತು?

ಮೇಸ್ತ್ರಿಯನ್ನು ಕರೆಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು ಅಂದರು ಭಾವ. ಅದಕ್ಕೆ ಒಂದು ಶನಿವಾರ ಪೂರ್ತಿ ಹೋಯಿತು. ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಬೇಕು. ಮೇಲಿಂದ ಶುರು ಮಾಡಿದರೆ ಎಲ್ಲಾ ಕಡೆಗೂ ನೀರು ಇಳಿದು ಯಾವ ಬಿರುಕಿನದ್ದು ಅಂತ ಗೊತ್ತೇ ಆಗುವುದಿಲ್ಲ. ಮೊದಲು ಕಿಟಕಿಯ ಚೌಕಟ್ಟಿನ ಸುತ್ತ ಕಾಲು ಗಂಟೆ ಪೈಪ್ ಹಿಡಿದೆವು. ಒಳಗೆ ಏನೂ ಇಲ್ಲ. ಆಮೇಲೆ ಸನ್‌ಶೇಡಿನ ಮೇಲೆ. ನೀರು ಹೊರಗೆ ಹರಿಯಬೇಕಿತ್ತು. ಆದರೆ ಗೋಡೆಯ ಬುಡದಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಹಾಗೇ ನಿಂತುಕೊಂಡಿತು. ಸನ್‌ಶೇಡಿನ ಇಳಿಜಾರು ಗೋಡೆಯ ಕಡೆಗೇ ಇತ್ತು! ಹದಿನಾಲ್ಕು ವರ್ಷ ಮಳೆ ನೀರನ್ನೆಲ್ಲ ಬಿರುಕಿಗೆ ಸುರಿದುಕೊಂಡು ಬಂದಿದ್ದೆವು. ನಲವತ್ತು ನಿಮಿಷಕ್ಕೆ ಒಳಗಿನ ಗೋಡೆಯಲ್ಲಿ, ಅಮ್ಮನ ಕಣ್ಣೆದುರಿಗೇ, ಅಂಗೈ ಅಗಲದ ಕಪ್ಪು ಕಲೆ ಮೂಡಿತು.

ಬಾಲ್ಕನಿಯಲ್ಲಿ ಜೇಡಿಮಣ್ಣಿನ ಸಣ್ಣ ಕಟ್ಟೆ ಕಟ್ಟಿ ಮಧ್ಯದಲ್ಲಿ ಮಾತ್ರ ನೀರು ನಿಲ್ಲಿಸಿದೆವು. ಒಂದು ಗಂಟೆ ಕಾದರೂ ಕೆಳಗೆ ಒಣಗಿಯೇ ಇತ್ತು. ಕಟ್ಟೆಯನ್ನು ಮೆಟ್ಟಿಲ ಗೋಡೆಯ ಮೂಲೆಗೆ ಸರಿಸಿದ ಇಪ್ಪತ್ತು ನಿಮಿಷಕ್ಕೆ ಹನಿ ಬಿತ್ತು.

ಭಾನುವಾರ ಮೇಸ್ತ್ರಿ ಬಂದರು. ನೋಡಿ, "ಸಾರ್, ಟೈಲ್ಸ್ ಎಲ್ಲಾ ಕಿತ್ತು, ಸ್ಲ್ಯಾಬನ್ನ ಚೆನ್ನಾಗಿ ಕೆತ್ತಿ, ಹೊಸದಾಗಿ ಮಾಡ್ಬಿಡೋಣ" ಅಂದರು. ನನಗೂ ಸರಿ ಅನಿಸಿತ್ತು. ಭಾವ ಮಾತ್ರ ತಕ್ಷಣ ತಡೆದರು. "ಬೇಡ ಮೇಸ್ತ್ರಿ. ಇದು ಗೋಡೆಯಿಂದ ಹೊರಗೆ ಚಾಚಿದ ಸ್ಲ್ಯಾಬ್. ಮುಖ್ಯ ಕಂಬಿ ಇರೋದು ಮೇಲ್ಗಡೆ. ಉಳಿ ಹಾಕಿದ್ರೆ ಅದಕ್ಕೇ ತಾಗುತ್ತೆ."

ಈ ಮಾತನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಕೋಣೆಯ ಮೇಲಿನ ಸ್ಲ್ಯಾಬಿಗೆ ಮಧ್ಯಭಾಗದಲ್ಲಿ ಕಂಬಿಯ ಬಲ ಬೇಕಾಗುವುದು ಕೆಳಗೆ. ಬಾಲ್ಕನಿ, ಸನ್‌ಶೇಡ್ ಎರಡೂ ಒಂದೇ ಕಡೆ ಹಿಡಿತ ಇಟ್ಟುಕೊಂಡು ಹೊರಗೆ ಚಾಚಿದವು. ಅವುಗಳಲ್ಲಿ ಮೇಲ್ಮೈ ಎಳೆತಕ್ಕೆ ಸಿಗುತ್ತದೆ, ಅದೂ ಹಿಡಿತ ಇರುವ ಬುಡದಲ್ಲಿ ಅತಿ ಜಾಸ್ತಿ. ನೀರು ಇಳಿದು ಕಂಬಿಗೆ ತುಕ್ಕು ಹಿಡಿಸಿದರೆ ಅಪಾಯ ಇರುವುದೂ ಆ ಬುಡದಲ್ಲೇ. ಆದ್ದರಿಂದ ಬಿರುಕು ಗೋಡೆಯ ಗಾರೆಯಲ್ಲಿದೆಯೋ ಅಥವಾ ಕಾಂಕ್ರೀಟಿನ ಮೇಲ್ಮೈಯಲ್ಲಿ ಗೋಡೆಗೆ ಸಮಾನಾಂತರವಾಗಿ ಓಡಿದೆಯೋ ಅಂತ ಮೊದಲು ನೋಡಬೇಕು. ಎರಡನೆಯದಾದರೆ ಅದು ಸೋರಿಕೆಯ ಮಾತಲ್ಲ. ಬಾಲ್ಕನಿಯಲ್ಲಿ ಓಡಾಟ ನಿಲ್ಲಿಸಿ ಎಂಜಿನಿಯರನ್ನು ಕರೆಸಬೇಕು. ಅದರ ಮೇಲೆ ಸಂದು ಮುಚ್ಚುವ ರಬ್ಬರಿನಂಥ ಸೀಲಂಟ್ ಹಚ್ಚಿದರೆ ಬಿರುಕು ಕಣ್ಣಿಗೆ ಮರೆಯಾಗುತ್ತದೆ ಅಷ್ಟೇ.

ನಾವು ಗೋಡೆಗೆ ತಾಗಿದ ಒಂದು ಸಾಲು ಟೈಲ್ಸ್ ಮಾತ್ರ ಎಬ್ಬಿಸಿ, ಸಡಿಲವಾದ ಗಾರೆಯನ್ನು ಕರಣೆಯಿಂದ ಕೆರೆದು ನೋಡಿದೆವು. ಸ್ಲ್ಯಾಬಿನಲ್ಲಿ ಬಿರುಕು ಇರಲಿಲ್ಲ. ಕೆಳಗೆ ತುಕ್ಕಿನ ಕಂದು ಕಲೆ ಇರಲಿಲ್ಲ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎಲ್ಲೂ ಪೊಳ್ಳು ಸದ್ದು ಬರಲಿಲ್ಲ. ಹೊರ ಅಂಚಿಗೆ ದಾರ ಎಳೆದು ಹಿಡಿದರೆ ಅಂಚು ಎಲ್ಲೂ ಬಾಗಿರಲಿಲ್ಲ. ಗೆರೆ ಇದ್ದದ್ದು ಸ್ಲ್ಯಾಬ್ ಮತ್ತು ಗೋಡೆಯ ಸಂದಿನಲ್ಲೇ. ಆಗ ಸ್ವಲ್ಪ ಉಸಿರು ಬಂತು.

ಆ ಸಂದನ್ನು ಗ್ರೈಂಡರಿನಿಂದ 10 ಮಿಲಿಮೀಟರ್ ಅಗಲ, ಸುಮಾರು ಎರಡು ಸೆಂಟಿಮೀಟರ್ ಆಳಕ್ಕೆ ಗಾರೆಯ ಕಡೆಯಿಂದಲೇ ಬಿಡಿಸಿದರು. ಧೂಳನ್ನು ಬ್ರಷ್‌ನಿಂದ, ಆಮೇಲೆ ಬ್ಲೋವರ್‌ನಿಂದ ತೆಗೆದರು. ಮೂರು ದಿನ ಬಿಸಿಲಿಗೆ ಬಿಟ್ಟೆವು, ಯಾಕಂದರೆ ಒದ್ದೆ ಅಥವಾ ಧೂಳಿನ ಅಂಚಿಗೆ ಸೀಲಂಟ್ ಕಚ್ಚುವುದಿಲ್ಲ. ತಂದದ್ದು ಬಣ್ಣ ಹಿಡಿಯುವ ಪಿಯು, ಅಂದರೆ ಪಾಲಿಯುರೆಥೇನ್ ಸೀಲಂಟ್. ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ.

ಮೇಸ್ತ್ರಿ ಗನ್ ಹಿಡಿದು ನೇರವಾಗಿ ತುಂಬಲು ಹೊರಟರು. ಭಾವ ಜೇಬಿನಿಂದ ಒಂದು ರಬ್ಬರ್ ಬ್ಯಾಂಡ್ ತೆಗೆದು ಎರಡೂ ತುದಿ ಹಿಡಿದು ಎಳೆದು ತೋರಿಸಿದರು. "ಇದನ್ನ ಪೂರ್ತಿ ಉದ್ದಕ್ಕೂ ಮೇಜಿಗೆ ಅಂಟಿಸಿಬಿಟ್ರೆ ಎಳೆಯೋಕಾಗುತ್ತಾ?" ಸೀಲಂಟ್ ಸಂದಿನ ಎರಡು ಬದಿಗೆ ಮಾತ್ರ ಅಂಟಬೇಕು. ತಳಕ್ಕೂ ಅಂಟಿಕೊಂಡರೆ ಹಿಗ್ಗಲು ಜಾಗವಿಲ್ಲದೆ ಬದಿಯಿಂದ ಕಿತ್ತುಕೊಳ್ಳುತ್ತದೆ. ಅದಕ್ಕೇ ಮೊದಲು 12 ಮಿಲಿಮೀಟರ್ ದಪ್ಪದ ಫೋಮ್ ಹಗ್ಗವನ್ನು ಸಂದಿಗೆ ಒತ್ತಿ ಕೂರಿಸಬೇಕು. ಸಂದಿಗಿಂತ ತುಸು ದಪ್ಪ ಇದ್ದರೆ ಮಾತ್ರ ಅದು ಬಿಗಿಯಾಗಿ ನಿಲ್ಲುತ್ತದೆ. ಅದರ ಮೇಲೆ 8 ಮಿಲಿಮೀಟರ್ ಉಳಿಸಿ ಸೀಲಂಟ್ ತುಂಬಿದರು. ಎರಡೂ ಪಕ್ಕ ಪೇಪರ್ ಟೇಪ್ ಹಚ್ಚಿ, ಚಮಚದ ಬೆನ್ನಿನಿಂದ ಒಂದೇ ಎಳೆತಕ್ಕೆ ನಯ ಮಾಡಿ, ಹಸಿ ಇರುವಾಗಲೇ ಟೇಪ್ ಕಿತ್ತರು. ಮೀಟರಿಗೆ 80 ಮಿಲಿಲೀಟರ್ ಹಿಡಿಯುತ್ತದೆ. ನಮ್ಮದು ಹಿಂಬದಿಯ ನಾಲ್ಕು ಮೀಟರ್, ಮೂಲೆಯ ಒಂದು ಮೀಟರ್ ಸೇರಿ 400 ಮಿಲಿಲೀಟರ್. 600 ಮಿಲಿಲೀಟರಿನ ಒಂದು ಟ್ಯೂಬ್ ಸಾಕಾಯಿತು.

ಸೀಲಂಟ್ ಪೂರ್ತಿ ಗಟ್ಟಿಯಾದ ಮೇಲೆ ಆ ಮೂಲೆಗೆ ಪುಡಿ ಮತ್ತು ದ್ರವ ಬೆರೆಸುವ ಜಲನಿರೋಧಕ ಲೇಪ ಎರಡು ಕೋಟ್. ನಡುವೆ ಫೈಬರ್ ಜಾಲರಿ. ಗೋಡೆಯ ಮೇಲೂ 15 ಸೆಂಟಿಮೀಟರ್ ಹತ್ತಿಸಿದರು. ಟೈಲ್ಸ್ ಮತ್ತೆ ಕೂರಿಸಿದ ಮೇಲೆ ಟೈಲ್ಸಿಗೂ ಗೋಡೆಗೂ ನಡುವಿನ ಸಂದಿಗೆ ಗ್ರೌಟ್ ಹಾಕಿಸಲಿಲ್ಲ, ಅಲ್ಲೂ ಸೀಲಂಟೇ.

ಸನ್‌ಶೇಡಿನ ಕೆಲಸ ಬೇರೆ ತರಹದ್ದು. ಸಂದನ್ನು ಇದೇ ರೀತಿ ತುಂಬಿದ ಮೇಲೆ ಇಳಿಜಾರು ತಿದ್ದಬೇಕಿತ್ತು. ಅದು ಎರಡು ಮೀಟರ್ ಉದ್ದ, 60 ಸೆಂಟಿಮೀಟರ್ ಚಾಚು. ಗೋಡೆಯ ಬುಡದಲ್ಲಿ ಎರಡೂವರೆ ಸೆಂಟಿಮೀಟರ್, ಅಂಚಿಗೆ ಅರ್ಧ ಸೆಂಟಿಮೀಟರ್ ಗಾರೆ. ಅಷ್ಟಕ್ಕೇ ಸುಮಾರು 40 ಕಿಲೋ ಭಾರ ಹೆಚ್ಚಾಗುತ್ತದೆ. ಅದಕ್ಕಿಂತ ದಪ್ಪ ಬೇಡ ಅಂತ ಭಾವ ಕಟ್ಟುನಿಟ್ಟಾಗಿ ಹೇಳಿದರು. ಮೂಲೆಯಲ್ಲಿ ಗಾರೆಯನ್ನು ದುಂಡಗೆ ಏರಿಸಿ, ಏಳು ದಿನ ನೀರು ಕುಡಿಸಿ, ಚೆನ್ನಾಗಿ ಒಣಗಿಸಿ, ಮೇಲೆ ಅದೇ ಲೇಪ. ಕೆಳಗಡೆ ಅಂಚಿನಿಂದ ಒಂದಿಂಚು ಒಳಗೆ ಗಾರೆಯಲ್ಲಿ ಸಣ್ಣ ಗೆರೆ ಕೊರೆಸಿದೆವು. ಅದಿಲ್ಲದಿದ್ದರೆ ಮಳೆನೀರು ಅಂಚಿನಿಂದ ಬೀಳದೆ ಕೆಳಮೈಗೆ ಅಂಟಿಕೊಂಡು ಮತ್ತೆ ಗೋಡೆಗೇ ಬರುತ್ತದೆ. ಈಗ ಗೆರೆಯ ಹತ್ತಿರ ಬಂದು ಹನಿ ಕಳಚಿ ಬೀಳುವುದನ್ನು ಕಿಟಕಿಯಿಂದಲೇ ನೋಡಬಹುದು.

ಡಿಸೆಂಬರ್ ಕೊನೆಗೆ ಬಾಲ್ಕನಿಗೆ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಎರಡು ಬೆರಳು ಆಳದ ನೀರು 24 ಗಂಟೆ ನಿಲ್ಲಿಸಿದೆವು. ಕೆಳಗೆ ಒಂದು ಹನಿ ಬರಲಿಲ್ಲ. ಜೂನ್‌ನಲ್ಲಿ ಗಾಳಿ ಮಳೆ ಹಿಡಿದ ಮೊದಲ ರಾತ್ರಿ ಅಮ್ಮ ಎರಡು ಸಲ ಎದ್ದು, ಕಿಟಕಿಯ ಮೇಲೆ ಅಂಗೈ ಇಟ್ಟು ನೋಡಿದರಂತೆ. ಒಣಗಿತ್ತು. ಅಲ್ಲಿಗೆ ಬಣ್ಣ ಇನ್ನೂ ಹೊಡೆಸಿಲ್ಲ. ಮೂರು ವರ್ಷ ನೀರು ಕುಡಿದ ಗೋಡೆ, ಇನ್ನೊಂದು ಬೇಸಿಗೆ ಆರಲಿ.