ಕ್ರೇಟ್ ಅಂಗಡಿಯ ನಾಲ್ಕು ವರ್ಷದ ಲೆಕ್ಕ

ನಮ್ಮ ಚಿಕ್ಕಪ್ಪ ಕೋಲಾರದ ಎಪಿಎಂಸಿ ಹತ್ತಿರ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ಮಾರುತ್ತಾರೆ. 2025ರ ಜನವರಿಯಲ್ಲಿ ಹೋದಾಗ ಅವರ ಮುಖ ಬಾಡಿತ್ತು. "ಜುಲೈಯಿಂದ ಸೆಪ್ಟೆಂಬರ್‌ವರೆಗೆ 3,480 ಹೋಯ್ತು ಕಣಪ್ಪ. ಆಮೇಲಿನ ಮೂರು ತಿಂಗಳಲ್ಲಿ ಬರೀ 1,825. ಅರ್ಧಕ್ಕೆ ಇಳಿದುಹೋಯ್ತು" ಅಂದರು.

ಟೊಮೆಟೊ ಸೀಸನ್ ಮುಗಿದರೆ ಕ್ರೇಟ್ ಕಡಿಮೆ ಹೋಗುವುದು ಸಹಜ ಅಲ್ವಾ? ಎಷ್ಟು ಕಡಿಮೆಯಾದರೆ ಸಹಜ ಅನ್ನುವುದೇ ಪ್ರಶ್ನೆ. 2021ರಿಂದ ಬಿಲ್ ಪುಸ್ತಕ ತೆಗೆಸಿ, ಮೂರು ಮೂರು ತಿಂಗಳ ಮಾರಾಟ ಕೂಡಿಸಿದೆ.

ಪ್ರತಿ ತ್ರೈಮಾಸಿಕವನ್ನು ಅದರ ಸುತ್ತಲಿನ ಒಂದು ವರ್ಷದ ಸರಾಸರಿಗೆ ಹೋಲಿಸಬೇಕು. 2022ರ ನಾಲ್ಕು ತ್ರೈಮಾಸಿಕಗಳು 1,400, 2,500, 3,200, 1,500. 2023ರ ಮೊದಲನೆಯದು 1,480. ನಾಲ್ಕನ್ನೇ ಕೂಡಿಸಿದರೆ ಸರಾಸರಿಯ ನಡುಬಿಂದು ಎರಡನೆಯ ಮತ್ತು ಮೂರನೆಯ ತ್ರೈಮಾಸಿಕದ ಮಧ್ಯೆ ಬೀಳುತ್ತದೆ. ಅದಕ್ಕೇ ಐದನ್ನು ತೆಗೆದುಕೊಂಡು, ಎರಡು ತುದಿಯದನ್ನು ಅರ್ಧ ಮಾಡುತ್ತಾರೆ:

```
(700 + 2500 + 3200 + 1500 + 740) / 4 = 2160
3200 / 2160 = 1.48
```

ಜುಲೈ–ಸೆಪ್ಟೆಂಬರ್‌ಗೆ ಹೀಗೆ ಮೂರು ಅನುಪಾತ ಸಿಕ್ಕಿದವು: 2021ಕ್ಕೆ 1.46, 2022ಕ್ಕೆ 1.48, 2023ಕ್ಕೆ 1.12. ಕೊನೆಯದು ಬೇರೆ ಥರ ಇದೆ. ಆ ಜುಲೈನಲ್ಲಿ ಮಾರುಕಟ್ಟೆಗೆ ಮಾಲೇ ಬರಲಿಲ್ಲ. 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಹಣ್ಣೇ ಇಲ್ಲದಾಗ ಕ್ರೇಟ್ ಯಾರಿಗೆ ಬೇಕು? ಈ ಮೂರರಿಂದ ಆ ತ್ರೈಮಾಸಿಕಕ್ಕೆ ಒಂದೇ ಅನುಪಾತ, ಅಂದರೆ ಸೀಸನ್ನಿನ ಸೂಚ್ಯಂಕ, ಬೇಕು. ಸರಾಸರಿ ಹಿಡಿದರೆ 2023 ಒಂದೇ ಅದನ್ನು 1.35ಕ್ಕೆ ಎಳೆಯುತ್ತದೆ. ಹಾಗಾಗಿ ಮೂರನ್ನೂ ಏರಿಕೆಯ ಕ್ರಮದಲ್ಲಿ ಇಟ್ಟು, ಮಧ್ಯದ್ದಾದ 1.46 ಇಟ್ಟುಕೊಂಡೆ.

ಉಳಿದ ಮೂರು ತ್ರೈಮಾಸಿಕಗಳಿಗೆ ಹೀಗೇ 0.66, 1.18, 0.74 ಬಂದವು. ಎಲ್ಲ ಸೇರಿ 4.04. ಮೊತ್ತ ಸರಿಯಾಗಿ 4 ಆಗಬೇಕು. ಇಲ್ಲದಿದ್ದರೆ ವರ್ಷದ ಒಟ್ಟು ಅಂದಾಜೇ ಉಬ್ಬುತ್ತದೆ. 4/4.04ರಿಂದ ಗುಣಿಸಿ ಸರಿಪಡಿಸಿದಾಗ ಜನವರಿಯಿಂದ ಕ್ರಮವಾಗಿ 0.65, 1.17, 1.45, 0.73 ಆಯಿತು.

ಈಗ ಮಾರಾಟವನ್ನು ಸೂಚ್ಯಂಕದಿಂದ ಭಾಗಿಸಿದರೆ ಸೀಸನ್ನಿನ ಏರಿಳಿತ ಕಳೆಯುತ್ತದೆ. 3,480 ಭಾಗಿಸು 1.45 ಅಂದರೆ 2,400. 1,825 ಭಾಗಿಸು 0.73 ಅಂದರೆ 2,500. "ಇಳಿದಿಲ್ಲ ಚಿಕ್ಕಪ್ಪ, ಸ್ವಲ್ಪ ಜಾಸ್ತಿನೇ ಆಗಿದೆ" ಅಂದೆ. ಅವರು ಕ್ಯಾಲ್ಕುಲೇಟರ್ ಇಸಿದುಕೊಂಡು ತಾವೇ ಮತ್ತೆ ಒತ್ತಿ ನೋಡಿದರು.

ಹೀಗೆ ಭಾಗಿಸಿ ಬಂದ ಅಂಕಿಗಳ ಮೇಲೆ ಗೆರೆ ಎಳೆದೆ. 2023ರ ಜುಲೈ–ಸೆಪ್ಟೆಂಬರ್ ಮಾತ್ರ ಬಿಟ್ಟೆ. 2021ರ ಮೊದಲ ತ್ರೈಮಾಸಿಕವನ್ನು 1 ಎಂದು ಎಣಿಸಿದರೆ ತ್ರೈಮಾಸಿಕದ ಸಂಖ್ಯೆ t, ಸೀಸನ್ ಕಳೆದ ಮಾರಾಟ T. ಗೆರೆ ಹೀಗಿದೆ:

```
T = 1840 + 40t
```

2025ರ ಜುಲೈ–ಸೆಪ್ಟೆಂಬರ್‌ಗೆ t = 19, ಗೆರೆ ಹೇಳುವುದು 2,600. ಅದಕ್ಕೆ ಸೀಸನ್ ವಾಪಸ್ ಸೇರಿಸಲು 1.45ರಿಂದ ಗುಣಿಸಿದರೆ 3,770. ಇದು ಮಾಲು ಎಂದಿನಂತೆ ಬಂದರೆ ಮಾತ್ರ. ರೋಗ ಬಿದ್ದು ಬೆಳೆ ಹೋಗುವುದನ್ನು ಈ ಗೆರೆ ಹೇಳಲಾರದು. ಅದಕ್ಕೇ ಪೂರ್ತಿ ಆರ್ಡರ್ ಒಟ್ಟಿಗೆ ಕೊಡದೆ, ಮೇ ತಿಂಗಳಲ್ಲಿ 2,500 ತರಿಸಿ, ಉಳಿದದ್ದನ್ನು ಜುಲೈನಲ್ಲಿ ಮಂಡಿಯ ಆವಕ ನೋಡಿ ಹೇಳೋಣ ಎಂದು ಇಬ್ಬರೂ ತೀರ್ಮಾನಿಸಿದೆವು.