ಬರೀ ಒಂದು ಸಹಿ

ಮಂಗಳವಾರ ರಾತ್ರಿ ನಮ್ಮ ಆಫೀಸಿನ ಹುಡುಗಿಯೊಬ್ಬಳಿಂದ ವಾಟ್ಸಾಪ್ ಬಂತು. “ಅಕ್ಕಾ, ಅವತ್ತು ನೀವು ಸಹಿ ಹಾಕಿ ನನ್ನನ್ನ ಸೊಸೈಟಿಗೆ ಮೆಂಬರ್ ಮಾಡಿಸಿದ್ರಿ. ಸ್ವಂತ ಅಕ್ಕನೂ ಇಷ್ಟು ಮಾಡಲ್ಲ. ನಿಮ್ಮ ಋಣ ಹೇಗೆ ತೀರಿಸಲಿ? ಈಗ ಲೋನೂ ಆಗೋ ಹಾಗಿದೆ, ಎಲ್ಲಾ ನಿಮ್ಮಿಂದಲೇ. ಬರೀ ಒಂದು ಸಹಿ ಬಾಕಿ ಅಷ್ಟೇ. ನಿಮ್ಮ ಸ್ಯಾಲರಿ ಸರ್ಟಿಫಿಕೇಟ್ ತೆಗೆದಿಡಿ, ಸೋಮವಾರ ಫಾರಂ ತರ್ತೀನಿ.”

ಮೊದಲ ಸಲ ಓದಿದಾಗ ಕಣ್ಣು ತುಂಬಿ ಬಂತು. ಎರಡನೇ ಸಲ ಓದಿದಾಗ ಸ್ಯಾಲರಿ ಸರ್ಟಿಫಿಕೇಟ್ ಅನ್ನೋದು ಚುಚ್ಚಿತು. ಮೆಂಬರ್ ಮಾಡಿಸುವಾಗ ನಾನು ಹಾಕಿದ್ದು ಪರಿಚಯದ ಸಹಿ. ಈಕೆ ನನಗೆ ಗೊತ್ತು ಅಂತ ಹೇಳಿದ ಹಾಗೆ, ಅದರಲ್ಲಿ ದುಡ್ಡಿನ ಹೊಣೆ ಇರಲಿಲ್ಲ. ಸಂಬಳದ ಪತ್ರ ಕೇಳೋದು ಜಾಮೀನಿಗೆ. ಆ ಎರಡು ಸಹಿಗಳನ್ನೂ ಅವಳು ಒಂದೇ ಉಸಿರಿನಲ್ಲಿ ಸೇರಿಸಿಬಿಟ್ಟಿದ್ದಳು. ಮೆಂಬರ್ ಆಗಿದ್ದು ಜೂನ್‌ನಲ್ಲಿ. ಥ್ಯಾಂಕ್ಸ್ ಬಂದದ್ದು ಲೋನ್ ಫಾರಂ ಕೈಗೆ ಸಿಕ್ಕ ವಾರ.

ಅವಳು ಕೆಟ್ಟವಳಲ್ಲ. ಆ ಪ್ರೀತಿಯೂ ಸುಳ್ಳಲ್ಲ ಅಂತಲೇ ನಂಬುತ್ತೇನೆ. ಆದರೆ “ಜಾಮೀನು ಹಾಕ್ತೀರಾ ಅಕ್ಕಾ?” ಅಂತ ಎಲ್ಲೂ ಕೇಳಿಲ್ಲ ನೋಡಿ. ಕೇಳಿದ್ದರೆ ಆಗಲ್ಲ ಅನ್ನಬಹುದಿತ್ತು. ಇಲ್ಲಿ ನಾನು ಆಗಲೇ ಒಪ್ಪಿದ್ದೇನೆ, ಸೋಮವಾರವೂ ಗೊತ್ತಾಗಿದೆ. ಬೇಡ ಅಂದರೆ ಸ್ವಂತ ಅಕ್ಕನಿಗಿಂತ ಹೆಚ್ಚಿನವಳು ಅನ್ನೋ ಆ ಮಾತನ್ನೇ ವಾಪಸ್ ಕೊಟ್ಟ ಹಾಗೆ. ನಾಚಿಕೆ ಸ್ವಭಾವದವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಎಷ್ಟು ಸಾಲ ಅನ್ನೋದೂ ಸಂದೇಶದಲ್ಲಿ ಇರಲಿಲ್ಲ. ಬೆಳಿಗ್ಗೆ ಫೋನ್ ಮಾಡಿ ಕೇಳಿದೆ. ನಾಲ್ಕು ಲಕ್ಷ, ಶೇ 12 ಬಡ್ಡಿ, ಐದು ವರ್ಷ. ತಿಂಗಳ ಕಂತು ಹತ್ತಿರ ಹತ್ತಿರ 8,900 ರೂಪಾಯಿ. “ಇಬ್ಬರು ಜಾಮೀನುದಾರರು ಇರ್ತಾರೆ ಅಕ್ಕಾ, ನಿಮಗೆ ಬರೋದು ಅರ್ಧ ಮಾತ್ರ” ಅಂದಳು. ತುಂಬಾ ಜನ ಹೀಗೇ ಅಂದುಕೊಂಡಿರ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಇಬ್ಬರಿದ್ದರೂ ಸಾಲ ಕೊಟ್ಟವರು ಪೂರ್ತಿ ಬಾಕಿಯನ್ನು ಒಬ್ಬರಿಂದಲೇ ಕೇಳಬಹುದು. ಇನ್ನೊಬ್ಬರ ಪಾಲು ವಸೂಲಿ ಮಾಡಿಕೊಳ್ಳೋದು ಆಮೇಲೆ ನಮ್ಮ ಪಾಡು. ಫಾರಂನ ಫೋಟೊ ಕಳಿಸು ಅಂದೆ. ಕೊನೇ ಪುಟದಲ್ಲಿ, ಕಂತು ತಪ್ಪಿದರೆ ನನ್ನ ಸಂಬಳದಿಂದ ಹಿಡಿದುಕೊಳ್ಳಲು ಒಪ್ಪಿಗೆ ಅಂತ ಸಣ್ಣ ಅಕ್ಷರದಲ್ಲಿತ್ತು. ಅವಳು ಹೇಳಿದ ಬರೀ ಒಂದು ಸಹಿ ಅದರ ಕೆಳಗೇ.

ಮಗಳ ಕಾಲೇಜು ಫೀಸು ನನ್ನ ಸಂಬಳದಿಂದಲೇ ಹೋಗಬೇಕು. ಅದಕ್ಕೆ ಎರಡು ಬೇರೆ ಬೇರೆ ಸಂದೇಶ ಬರೆದೆ. ಒಂದರಲ್ಲಿ, ನಿನ್ನ ಮಾತು ಓದಿ ತುಂಬಾ ಖುಷಿ ಆಯ್ತು ಅಂತ. ಇನ್ನೊಂದರಲ್ಲಿ, ಜಾಮೀನು ನನ್ನಿಂದ ಆಗಲ್ಲಮ್ಮ, ಮನೆಯಲ್ಲಿ ಬಂಗಾರ ಇದ್ದರೆ ಗೋಲ್ಡ್ ಲೋನ್ ವಿಚಾರಿಸು, ಅಲ್ಲಿ ಒಡವೆಯೇ ಅಡವು, ಸಾಮಾನ್ಯವಾಗಿ ಇನ್ನೊಬ್ಬರ ಸಹಿ ಕೇಳಲ್ಲ ಅಂತ. ಮೊದಲನೆಯದಕ್ಕೆ ಹೃದಯದ ಚಿತ್ರ ಬಂತು. ಎರಡನೆಯದಕ್ಕೆ, “ಅಮ್ಮನ ಬಳೆ ಇದೆ, ಕೇಳಿ ನೋಡ್ತೀನಿ ಅಕ್ಕಾ” ಅಂತ ಗುರುವಾರ ಉತ್ತರ ಬಂತು.