ಡಾಂಗಲ್ ಚುಚ್ಚಿದರೆ ವೈಫೈ ತೆವಳುತ್ತದೆ: ಕೊನೆಗೂ ಕಾರಣ ಸಿಕ್ಕಿತು

ಮನೆಯ ಫೈಲ್ ಸರ್ವರ್‌ಗೆ ಲ್ಯಾಪ್‌ಟಾಪ್‌ನಿಂದ ನೇರವಾಗಿ ಒಂದು ಕೇಬಲ್ ಎಳೆದಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲ. ಹಾಗಾಗಿ ನಡುವೆ ಆರ್‌ಟಿಎಲ್8153 ಚಿಪ್ಪಿನ ಗಿಗಾಬಿಟ್ ಡಾಂಗಲ್. ಫೈಲುಗಳು ಕೇಬಲ್‌ನಲ್ಲಿ, ಇಂಟರ್ನೆಟ್ ವೈಫೈನಲ್ಲಿ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಡಾಂಗಲ್ ಚುಚ್ಚಿದ ಕ್ಷಣದಿಂದ ಇಂಟರ್ನೆಟ್ ಆಮೆಯಾಗುತ್ತಿತ್ತು. 40 ಎಂಬಿಪಿಎಸ್ ಬರುವ ಕಡೆ ಮೂರೋ ನಾಲ್ಕೋ. ಅದೇ ಕೋಣೆಯ ಮೊಬೈಲಿಗೂ ಹಳೆಯ ಡೆಸ್ಕ್‌ಟಾಪಿಗೂ ಏನೂ ಆಗಿರಲಿಲ್ಲ.

ಇಂಥದ್ದಾದಾಗ ಮೊದಲು ಎಲ್ಲರೂ ನೋಡುವುದು ರೂಟಿಂಗ್. ಇಂಟರ್ನೆಟ್‌ಗೆ ಹೋಗಬೇಕಾದದ್ದು ದಾರಿ ತಪ್ಪಿ ಸರ್ವರ್ ಕಡೆ ಹೋಗುತ್ತಿದೆಯೇ?

```
ip route get 8.8.8.8
```

ಉತ್ತರದಲ್ಲಿ ವೈಫೈ ಕಾರ್ಡಿನ ಹೆಸರೇ ಬಂತು. ದಾರಿ ತಪ್ಪಿಲ್ಲ.

ಮುಂದಿನ ಅನುಮಾನ ವೈಫೈ ಡ್ರೈವರ್. ಕಾರ್ಡು ಆರ್‌ಟಿಎಲ್8821ಸಿಇ. ಇದರ ಹೆಸರು ಕೇಳಿದರೇ ನಿಮ್ಮಲ್ಲಿ ಕೆಲವರು ನಿಟ್ಟುಸಿರು ಬಿಡುತ್ತೀರಿ, ಗೊತ್ತು. ವಿದ್ಯುತ್ ಉಳಿತಾಯವನ್ನು ಆಫ್ ಮಾಡಿದೆ, `disable_lps_deep=y` ಹಾಕಿದೆ, ಕರ್ನಲ್ಲಿನ ಡ್ರೈವರ್ ತೆಗೆದು ಹೊರಗಿನದನ್ನು ಕಂಪೈಲ್ ಮಾಡಿ ಕೂರಿಸಿದೆ, ಕರ್ನಲ್ ಅಪ್‌ಡೇಟ್ ಆದಾಗ ಅದು ಮುರಿದುಬಿದ್ದದ್ದನ್ನು ಮತ್ತೆ ಕಟ್ಟಿದೆ. ಯಾವುದೂ ನಾಟಲಿಲ್ಲ. ಡಾಂಗಲ್ ಕಿತ್ತರೆ ಎಲ್ಲ ಡ್ರೈವರೂ ಸಲೀಸು, ಚುಚ್ಚಿದರೆ ಎಲ್ಲವೂ ಕುಂಟು.

ಒಂದು ವಿಚಿತ್ರ ಮಾತ್ರ ಕಣ್ಣಿಗೆ ಬಿತ್ತು. `iw dev wlp2s0 link` ಓಡಿಸಿದರೆ ಸಿಗ್ನಲ್ ಎರಡೂ ಸ್ಥಿತಿಯಲ್ಲಿ ಸುಮಾರು -50 ಡಿಬಿಎಂ. ಆದರೆ ಡಾಂಗಲ್ ಇದ್ದಾಗ ಬಿಟ್‌ರೇಟ್ ನೆಲಕಚ್ಚುತ್ತಿತ್ತು. ಸಿಗ್ನಲ್ ಅಷ್ಟೇ ಇದ್ದು ವೇಗ ಮಾತ್ರ ಕುಸಿದರೆ, ಹತ್ತಿರದಲ್ಲಿ ಯಾರೋ ಗದ್ದಲ ಮಾಡುತ್ತಿರಬಹುದು ಎಂದು ಅರ್ಥ. ವೈರ್‌ಲೆಸ್ ಮೌಸ್ ಕೂಡ ಆಗಾಗ ತಡವರಿಸುತ್ತಿತ್ತು. ಬ್ಯಾಟರಿ ಮುಗಿದಿರಬೇಕು ಎಂದು ಅದನ್ನು ಪಕ್ಕಕ್ಕೆ ಸರಿಸಿಬಿಟ್ಟಿದ್ದೆ.

ರಹಸ್ಯ ಬಯಲು ಮಾಡಿದ್ದು ಒಬ್ಬ ಮೋಸಗಾರ ಮಾರಾಟಗಾರ. ಮೇಜಿನ ಮೇಲೆ ಜಾಗ ಸಾಲದೆಂದು ಯುಎಸ್‌ಬಿ 3.0 ಎಕ್ಸ್‌ಟೆನ್ಷನ್ ಕೇಬಲ್ ತರಿಸಿದ್ದೆ. ನೀಲಿ ಪ್ಲಾಸ್ಟಿಕ್, ಬಾಕ್ಸಿನ ಮೇಲೆ ದಪ್ಪಕ್ಷರದಲ್ಲಿ 3.0. ಅದರ ತುದಿಗೆ ಡಾಂಗಲ್ ಹಾಕಿದೊಡನೆ ವೈಫೈ ನೆಟ್ಟಗಾಯಿತು! ಸಂಭ್ರಮಿಸುವ ಮೊದಲು ಸರ್ವರ್‌ನಿಂದ ಒಂದು ಫೈಲ್ ಎಳೆದರೆ ಸೆಕೆಂಡಿಗೆ 110 ಎಂಬಿ ಬರುತ್ತಿದ್ದದ್ದು 35ಕ್ಕೆ ಇಳಿದಿತ್ತು. `lsusb -t` ನೋಡಿದರೆ ಡಾಂಗಲ್ ಎದುರು 5000M ಇರಬೇಕಾದ ಕಡೆ 480M. ಪ್ಲಗ್ಗಿನೊಳಗೆ ಟಾರ್ಚ್ ಬಿಟ್ಟು ನೋಡಿದೆ: ಮುಂದಿನ ನಾಲ್ಕು ಚಪ್ಪಟೆ ಸಂಪರ್ಕಗಳಿದ್ದವು, ಅವುಗಳ ಹಿಂದೆ ಇರಬೇಕಾದ ಐದು ಇರಲೇ ಇಲ್ಲ. ನೀಲಿ ಬಣ್ಣ ಬಳಿದ 2.0!

ಕೇಬಲ್ ಖೋಟಾ, ಆದರೆ ಪರೀಕ್ಷೆ ಅಪ್ಪಟ. ಡಾಂಗಲ್ 2.0 ವೇಗದಲ್ಲಿದ್ದರೆ ವೈಫೈ ಕ್ಷೇಮ, 3.0ರಲ್ಲಿದ್ದರೆ ಸಾವು. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ಕಳಿಸುವಾಗ ಅದರ ತಂತಿ, ಕನೆಕ್ಟರುಗಳಿಂದ ಸೋರುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಆವರಿಸುತ್ತದೆ. ಇಂಟೆಲ್ ಇದನ್ನು 2012ರಲ್ಲೇ ಅಳೆದು ಬರೆದಿದೆ: ಈ ಪಟ್ಟಿಯಲ್ಲಿ ಗದ್ದಲದ ಮಟ್ಟ 20 ಡಿಬಿಯಷ್ಟು ಏರಬಹುದು. ನನ್ನ ಡಾಂಗಲ್‌ನ ಹೊದಿಕೆ ಬರೀ ಪ್ಲಾಸ್ಟಿಕ್, ಚುಚ್ಚುವ ಪೋರ್ಟಿನ ಪಕ್ಕದಲ್ಲೇ ವೈಫೈ ಆಂಟೆನಾ. ಡೆಸ್ಕ್‌ಟಾಪ್‌ಗೆ ಡಾಂಗಲೇ ಇಲ್ಲ, ಹಾಗಾಗಿ ಅದಕ್ಕೆ ಈ ಪೀಡೆಯೂ ಇಲ್ಲ. ಡ್ರೈವರ್ ಎಷ್ಟು ಬದಲಿಸಿದರೂ ಪ್ರಯೋಜನವಾಗದ್ದಕ್ಕೆ ಇದೇ ಕಾರಣ: ಗದ್ದಲ ಗಾಳಿಯಲ್ಲಿತ್ತು.

ಪರಿಹಾರ 5 ಗಿಗಾಹರ್ಟ್ಸ್. ಅಲ್ಲಿ ಈ ಗದ್ದಲ ತೀರಾ ಕಡಿಮೆ. ಕಾರ್ಡಿಗೆ ಆ ಪಟ್ಟಿ ಬರುತ್ತದೆ. ಆದರೆ ನನ್ನ ರೂಟರ್‌ನಲ್ಲಿ ಎರಡೂ ಪಟ್ಟಿಗಳಿಗೆ ಒಂದೇ ಹೆಸರು, ಲ್ಯಾಪ್‌ಟಾಪ್ ಹೋಗಿ 2.4ಕ್ಕೇ ಅಂಟಿಕೊಳ್ಳುತ್ತಿತ್ತು. ಕಟ್ಟಿಹಾಕಿದೆ:

```
nmcli connection modify mane 802-11-wireless.band a
nmcli connection up mane
```

ಈಗ ಡಾಂಗಲ್ 5000Mನಲ್ಲೇ ಇದೆ, ವೈಫೈಯೂ ಪೂರ್ಣ ವೇಗದಲ್ಲಿದೆ. ಅಡುಗೆಮನೆ ದಾಟಿದರೆ ಮಾತ್ರ 5 ಗಿಗಾಹರ್ಟ್ಸ್ ಕೈಕೊಡುತ್ತದೆ, ಆದರೆ ಅಲ್ಲಿಗೆ ಡಾಂಗಲ್ ಒಯ್ಯುವುದಿಲ್ಲವಲ್ಲ, ಕಟ್ಟು ಬಿಚ್ಚಿ 2.4ಕ್ಕೆ ಮರಳಿದರಾಯಿತು. ಮೌಸ್ ಬಳಸುವುದು 2.4 ಪಟ್ಟಿಯನ್ನೇ, ಅದಕ್ಕೆ ಬೇರೆ ಮದ್ದಿಲ್ಲ. ಅದರ ರಿಸೀವರನ್ನು ಆ ನೀಲಿ ಕೇಬಲ್‌ನ ತುದಿಗೆ ಹಾಕಿ ಮೇಜಿನ ಮೂಲೆಗೆ ಒಯ್ದಿದ್ದೇನೆ. ಆ ಕೆಲಸಕ್ಕೆ 2.0 ಧಾರಾಳ. ಮಾರಾಟಗಾರನಿಗೆ ಬರೆದ ದೂರಿಗೆ ‘ಕಂಪ್ಯೂಟರ್ ಬದಲಿಸಿ ನೋಡಿ’ ಎಂಬ ಉತ್ತರ ಬಂದಿದೆ.

ಮುಂದಿನ ಕೆಲಸ ರಾಸ್ಪ್‌ಬೆರಿ ಪೈ 4. ಯುಎಸ್‌ಬಿ 3.0 ಎಸ್‌ಎಸ್‌ಡಿ ಸೇರಿಸಿ ಅದನ್ನೇ ಸರ್ವರ್ ಮಾಡುವ ಯೋಚನೆ. ಅದರಲ್ಲೂ ಎಸ್‌ಎಸ್‌ಡಿ ಚುಚ್ಚಿದರೆ 2.4 ವೈಫೈ ಸತ್ತುಹೋಗುತ್ತದೆ ಎಂದು ಅನೇಕರು ಗೋಳಾಡಿದ್ದಾರೆ, ಆಗ ನನಗೆ ಅರ್ಥವಾಗಿರಲಿಲ್ಲ. ಹಾಗಾಗಿ ಪೈಗೆ ವೈಫೈ ಕೊಡುವುದೇ ಇಲ್ಲ. ಎಸ್‌ಎಸ್‌ಡಿಗೆ ಲೋಹದ ಪೆಟ್ಟಿಗೆ ತರಿಸುತ್ತಿದ್ದೇನೆ. ಈ ಸಲ ಅಂಗಡಿಗೇ ಹೋಗಿ, ಕೇಬಲ್‌ನ ಪ್ಲಗ್ಗಿಗೆ ಟಾರ್ಚ್ ಬಿಟ್ಟು ಐದು ಸಂಪರ್ಕ ಕಂಡ ಮೇಲೆಯೇ ದುಡ್ಡು ಕೊಡುತ್ತೇನೆ.